ಹತ್ತಿರದ ಗೋದಾಮು ಯಾವುದು? — ಮೈಲುತುತ್ತದ ಬೇಡಿಕೆ ಚೀಟಿಗಳನ್ನು ಹಂಚುವ ಕ್ರಮ

ಮುಂಗಾರಿಗೆ ಮುಂಚಿನ ಮೂರು ವಾರಗಳು ಮಲೆನಾಡಿನ ಸಹಕಾರ ಸಂಘಗಳ ಗೋದಾಮುಗಳಿಗೆ ವರ್ಷದಲ್ಲೆಲ್ಲ ಬಿರುಸಿನ ಕಾಲ. ಅಡಿಕೆಗೆ ಕೊಳೆರೋಗ ತಗುಲದಂತೆ ಮೊದಲನೆಯ ಬೋರ್ಡೋ ಸಿಂಪರಣೆ ಮಳೆ ಹಿಡಿಯುವುದಕ್ಕೆ ಮೊದಲೇ ಮುಗಿದಿರಬೇಕು. ಎರಡನೆಯದು ಅಲ್ಲಿಂದ ನಲವತ್ತು, ನಲವತ್ತೈದು ದಿನಗಳಿಗೆ. ಕಾಫಿಯ ಎಲೆ ತುಕ್ಕು ರೋಗಕ್ಕೂ ಶೇಕಡಾ ಅರ್ಧದ ಬೋರ್ಡೋ ದ್ರಾವಣವನ್ನು ಮಳೆಗೆ ಮುನ್ನವೇ ಹೊಡೆಯುವುದು ರೂಢಿ. ಹೀಗಾಗಿ ಎರಡೂ ಬೆಳೆಯವರು ಒಂದೇ ಹದಿನೈದು ದಿನಗಳಲ್ಲಿ ಒಂದೇ ಸಾಮಾನಿಗೆ ಕೈ ಚಾಚುತ್ತಾರೆ: ಮೈಲುತುತ್ತ ಮತ್ತು ಸುಣ್ಣ. ಆ ಹೊತ್ತಿಗೆ ಸಾಮಾನು ತೋಟಕ್ಕೆ ಮುಟ್ಟದಿದ್ದರೆ, ಜೂನ್ ಕೊನೆಯಲ್ಲಿ ಅದು ಮುಟ್ಟಿದರೂ ಆ ವರ್ಷದ ಕೊನೆಗಳಿಗೆ ಹೆಚ್ಚಿನ ಪ್ರಯೋಜನವಿಲ್ಲ. ಕೊನೆಗಾರ ಸಿಕ್ಕಿದ ದಿನ ಮದ್ದಿಲ್ಲ, ಮದ್ದು ಬಂದ ದಿನ ಕೊನೆಗಾರನಿಲ್ಲ ಎಂಬ ಕಷ್ಟ ಯಾರಿಗೂ ಹೊಸದಲ್ಲ.

ಒಂದೇ ಗೋದಾಮು ಇರುವ ಸಂಘಕ್ಕೆ ಈ ಕಾಲದಲ್ಲಿ ಕೆಲಸ ಹೆಚ್ಚು, ಆದರೆ ಯೋಚನೆ ಕಡಿಮೆ. ಇದ್ದರೆ ಕೊಡುವುದು, ಇಲ್ಲದಿದ್ದರೆ ಇಲ್ಲವೆನ್ನುವುದು. ಎರಡು ಮೂರು ಕಡೆ ಗೋದಾಮು ತೆರೆದ ಸಂಘಗಳಲ್ಲಿ ಪ್ರಶ್ನೆ ಬೇರೆಯಾಗುತ್ತದೆ. ಸದಸ್ಯರ ಬೇಡಿಕೆ ಕಚೇರಿಗೆ ಬರುತ್ತದೆ, ಬಹುಪಾಲು ಈಗ ಫೋನಿನಲ್ಲಿಯೋ ವಾಟ್ಸಾಪಿನಲ್ಲಿಯೋ. ಅದನ್ನು ಯಾವ ಗೋದಾಮಿಗೆ ಬರೆದುಕೊಡಬೇಕು? "ದಾಸ್ತಾನು ಇರುವ ಗೋದಾಮುಗಳ ಪೈಕಿ ಹತ್ತಿರದ್ದಕ್ಕೆ" ಎಂಬುದು ಸರಿಯಾದ ಉತ್ತರವೇ. ಆದರೆ ಈ ಒಂದು ಸಾಲಿನಲ್ಲಿ ಎರಡು ಮಾತುಗಳು ಅಡಗಿವೆ. "ಹತ್ತಿರ" ಎಂದರೆ ಏನು, "ದಾಸ್ತಾನು ಇದೆ" ಎಂದರೆ ಏನು ಎಂಬುದನ್ನು ಗಟ್ಟಿಯಾಗಿ ತೀರ್ಮಾನಿಸಿಕೊಳ್ಳದೆ ಚೀಟಿ ಬರೆದರೆ ಗಾಡಿ ಖಾಲಿ ತಿರುಗುತ್ತದೆ. ಈ ಲೇಖನದಲ್ಲಿ ಆ ಎರಡನ್ನೂ ಒಂದು ಉದಾಹರಣೆಯ ಮೂಲಕ ನೋಡೋಣ. ಊರುಗಳಿಗೂ ಗೋದಾಮುಗಳಿಗೂ ನಾವು ಲೆಕ್ಕದ ಅನುಕೂಲಕ್ಕೆ ಹೆಸರಿಟ್ಟುಕೊಂಡಿದ್ದೇವೆ, ಅಂಕಿಗಳೂ ಅಂಥವೇ. ಓದುವವರು ತಮ್ಮ ಸಂಘದ ಅಂಕಿಗಳನ್ನು ಅಲ್ಲಿ ಇಟ್ಟು ನೋಡಬಹುದು.

ಒಂದು ಸಂಘಕ್ಕೆ ಮೂರು ಗೋದಾಮುಗಳಿವೆ ಎನ್ನಿ: ಪೇಟೆಯಲ್ಲಿ ದೊಡ್ಡದೊಂದು, ಹೊಳೆಯಾಚೆ ಚಿಕ್ಕದೊಂದು, ಘಟ್ಟದ ಮೇಲೆ ಮತ್ತೊಂದು ಚಿಕ್ಕದು. ಹೊಳೆ ದಡದ ಒಂದು ಊರಿನ ಸದಸ್ಯರು 100 ಕಿಲೋ ಮೈಲುತುತ್ತ, 100 ಕಿಲೋ ಸುಣ್ಣ ಬೇಕೆಂದು ಹೇಳಿ ಕಳಿಸಿದ್ದಾರೆ. ಐವತ್ತು ಕಿಲೋ ಮೂಟೆಯ ಲೆಕ್ಕದಲ್ಲಿ ಎರಡು ಮೂಟೆ ಅದು, ಎರಡು ಮೂಟೆ ಇದು. ಅಡಿಕೆಗೆ ಬಳಸುವ ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎಂದರೆ ಅವರು 10,000 ಲೀಟರ್ ಮದ್ದು ಮಾಡಲು ಹೊರಟಿದ್ದಾರೆ. ಈ ಒಂದು ಬೇಡಿಕೆಯನ್ನೇ ಹಿಡಿದುಕೊಂಡು ಹೋಗೋಣ.

ಹತ್ತಿರ ಎಂಬುದು ರಸ್ತೆಯ ಮಾತು

ನಕ್ಷೆಯ ಮೇಲೆ ಗೆರೆ ಎಳೆದು ನೋಡಿದರೆ ಈ ಊರಿಗೆ ಹೊಳೆಯಾಚೆ ಗೋದಾಮು ಮೊದಲು, ಘಟ್ಟದ ಮೇಲಿನದು ಎರಡನೆಯದು, ಪೇಟೆಯದು ಮೂರನೆಯದು. ಮಲೆನಾಡಿನಲ್ಲಿ ಈ ಗೆರೆಯನ್ನು ನಂಬುವ ಹಾಗಿಲ್ಲ. ಸಾಗರ ತಾಲ್ಲೂಕಿನ ತುಮರಿ ಸೀಮೆಯನ್ನು ನೆನೆಯಿರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರು ಆ ಸೀಮೆಯನ್ನು ಸಾಗರದಿಂದ ಬೇರ್ಪಡಿಸಿತು. ಅಂಬಾರಗೋಡ್ಲಿನಲ್ಲಿ ನಿಂತರೆ ಕಳಸವಳ್ಳಿಯ ದಡ ಕಣ್ಣಿಗೇ ಕಾಣುತ್ತದೆ. ಆದರೆ ಮೂಟೆ ಹೊತ್ತ ಗಾಡಿ ದಾಟಬೇಕಾದರೆ ಲಾಂಚು ಬೇಕಾಗಿತ್ತು, ಇಲ್ಲವೇ ಬಹುದೂರ ಸುತ್ತಿ ಬರಬೇಕಾಗಿತ್ತು. ಬೇಸಿಗೆಯ ಕೊನೆಗೆ ನೀರು ಇಳಿದಾಗ ಲಾಂಚಿನಲ್ಲಿ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದೂ ಉಂಟು. ಬೋರ್ಡೋ ಸಾಮಾನು ಬೇಕಾಗುವುದೂ ಅದೇ ಹೊತ್ತಿಗೆ! 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ "ಹತ್ತಿರ" ಎಂಬುದರ ಅರ್ಥವೇ ಆ ಊರುಗಳಿಗೆ ಬದಲಾಯಿತು. ಊರೂ ಕದಲಲಿಲ್ಲ, ಪೇಟೆಯೂ ಕದಲಲಿಲ್ಲ. ರಸ್ತೆ ಬದಲಾಯಿತು ಅಷ್ಟೆ.

ಆದ್ದರಿಂದ ಪ್ರತಿ ಊರಿಗೂ ಒಂದು ಸರದಿ ಪಟ್ಟಿ ಮಾಡಿಡಬೇಕು: ಮೊದಲು ಯಾವ ಗೋದಾಮು, ಅಲ್ಲಿ ಇಲ್ಲದಿದ್ದರೆ ಯಾವುದು, ಅಲ್ಲಿಯೂ ಇಲ್ಲದಿದ್ದರೆ ಯಾವುದು. ಇದನ್ನು ಮೂಟೆ ಹೊತ್ತ ಪಿಕಪ್ಪು ನಿಜವಾಗಿ ಹೋಗುವ ದಾರಿಯ ಕಿಲೋಮೀಟರಿನಲ್ಲಿ ಅಳೆಯಬೇಕು. ಮೋಟಾರು ಸೈಕಲ್ಲು ಹೋಗುವ ಕಾಲುಸಂಕದ ದಾರಿ ಇಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಉದಾಹರಣೆಯ ಊರಿಗೆ ಹೊಳೆಯಾಚೆ ಗೋದಾಮು 8 ಕಿ.ಮೀ., ಪೇಟೆ 22 ಕಿ.ಮೀ. ಘಟ್ಟದ ಗೋದಾಮು ಒಳದಾರಿಯಲ್ಲಿ 17 ಕಿ.ಮೀ.; ಆದರೆ ಒಂದು ಮಳೆ ಬಿದ್ದರೆ ಆ ಮಣ್ಣು ರಸ್ತೆಯಲ್ಲಿ ಹೇರು ಗಾಡಿ ಹತ್ತುವುದಿಲ್ಲ, ಸುತ್ತುದಾರಿಯಲ್ಲಿ 31 ಕಿ.ಮೀ. ಆಗುತ್ತದೆ. ಹೀಗಾಗಿ ಈ ಊರಿಗೆ ಬೇಸಿಗೆಯ ಸರದಿ ಒಂದು, ಮಳೆಗಾಲದ ಸರದಿ ಇನ್ನೊಂದು. ಎರಡು ಪಟ್ಟಿ ಸಾಕು, ಹೆಚ್ಚು ಬೇಡ. ಇದನ್ನು ಮಾಡಲು ಯೋಗ್ಯರು ಸಂಘದ ಗಾಡಿ ಓಡಿಸುವ ಚಾಲಕರು. ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಅವರನ್ನು ಕೂರಿಸಿಕೊಂಡು ಬರೆದಿಟ್ಟರೆ ಮುಗಿಯಿತು. ಮೊಬೈಲಿನ ನಕ್ಷೆ ತೋರಿಸುವ ದೂರವನ್ನೂ ಅವರ ಮುಂದೆ ಇಟ್ಟು ಕೇಳಬೇಕು. ಯಾವ ಸೇತುವೆಯ ಮೇಲೆ ಲಾರಿ ಬಿಡುವುದಿಲ್ಲ, ಯಾವ ಏರಿನಲ್ಲಿ ಹೇರು ಇಳಿಸಿ ಎರಡು ಸಲ ಹತ್ತಿಸಬೇಕು ಎಂಬುದು ಅವರಿಗೆ ಗೊತ್ತಿರುವಷ್ಟು ನಕ್ಷೆಗೆ ಗೊತ್ತಿರುವುದಿಲ್ಲ.

ಪುಸ್ತಕದ ದಾಸ್ತಾನು, ಕೊಡಬಹುದಾದ ದಾಸ್ತಾನು

ಸರದಿ ಪಟ್ಟಿಯ ಪ್ರಕಾರ ಮೊದಲು ಹೊಳೆಯಾಚೆ ಗೋದಾಮನ್ನು ನೋಡಬೇಕು. ಅಲ್ಲಿಯ ದಾಸ್ತಾನು ಪುಸ್ತಕ ಹೇಳುತ್ತದೆ: ಮೈಲುತುತ್ತ 14 ಮೂಟೆ, ಸುಣ್ಣ 20 ಮೂಟೆ. ಬೇಕಾದದ್ದು ಎರಡೆರಡೇ ಮೂಟೆ. ಇಷ್ಟನ್ನೇ ನೋಡಿ ಚೀಟಿ ಬರೆಯುವವರು ಬಹಳ ಮಂದಿ. ಆದರೆ ಪುಸ್ತಕದಲ್ಲಿ ಇರುವುದಕ್ಕೂ ಕೊಡಲು ಇರುವುದಕ್ಕೂ ನಡುವೆ ನಾಲ್ಕು ಕಳೆಯುವ ಲೆಕ್ಕಗಳಿವೆ.

ಮೊದಲನೆಯದು, ಆಗಲೇ ಮಾತು ಕೊಟ್ಟದ್ದು. ನಿನ್ನೆ ಮೊನ್ನೆ ಚೀಟಿ ಪಡೆದು ಇನ್ನೂ ಒಯ್ಯದವರ ಪಾಲು ಗೋದಾಮಿನಲ್ಲೇ ಕುಳಿತಿದೆ. ಕಣ್ಣಿಗೆ ಕಾಣುತ್ತದೆ, ಆದರೆ ಅದು ಸಂಘದ್ದಲ್ಲ. ನಮ್ಮ ಉದಾಹರಣೆಯಲ್ಲಿ ಮೈಲುತುತ್ತ 6 ಮೂಟೆ, ಸುಣ್ಣ 6 ಮೂಟೆ ಹೀಗೆ ಉಳಿದಿವೆ.

ಎರಡನೆಯದು, ಕೊಡಲು ಬಾರದ್ದು. ಮೈಲುತುತ್ತದ ಒಂದು ಮೂಟೆ ಹರಿದು ತೂಕ ಕಡಿಮೆಯಾಗಿದೆ. ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ಸುಣ್ಣದ್ದು. ಸುಟ್ಟ ಸುಣ್ಣ ಗಾಳಿಯ ತೇವವನ್ನು ಹೀರಿ ಅರಳುತ್ತದೆ, ಆಮೇಲೆ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಿನ ಪುಡಿಯೇ ಆಗುತ್ತದೆ. ಮಳೆಗಾಲವೊಂದನ್ನು ಗೋದಾಮಿನಲ್ಲಿ ಕಳೆದ ಸುಣ್ಣಕ್ಕೆ ಮೈಲುತುತ್ತದ ಹುಳಿಯನ್ನು ಕೊಲ್ಲುವ ಕಸುವು ಇರುವುದಿಲ್ಲ. ಅಂಥ ಸುಣ್ಣದಿಂದ ಮಾಡಿದ ಮದ್ದು ಹೊಡೆದರೆ ಹಿಂಗಾರವೂ ಎಲೆಯೂ ಸುಡುತ್ತವೆ. ಇದನ್ನು ಗೋದಾಮಿನಲ್ಲೇ ಪತ್ತೆ ಹಚ್ಚಬಹುದು. ಒಂದು ಹೆಂಟೆಯನ್ನು ನೀರಿಗೆ ಹಾಕಿದರೆ ಒಳ್ಳೆಯ ಸುಟ್ಟ ಸುಣ್ಣ ಕಾದು ಬುಸುಗುಟ್ಟಿ ಒಡೆಯುತ್ತದೆ. ಸತ್ತ ಸುಣ್ಣ ತಣ್ಣಗೆ ತಳದಲ್ಲಿ ಕೂರುತ್ತದೆ. ತೋಟದಲ್ಲಿ ನಮ್ಮವರು ಮಾಡುವ ಕತ್ತಿಯ ಪರೀಕ್ಷೆ ಎಲ್ಲರಿಗೂ ಗೊತ್ತಿದೆ: ಉಜ್ಜಿದ ಕಬ್ಬಿಣವನ್ನು ತಯಾರಾದ ದ್ರಾವಣದಲ್ಲಿ ಅದ್ದಿದಾಗ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಆದರೆ ಅಷ್ಟು ಹೊತ್ತಿಗೆ ಮೂಟೆ ತೋಟ ಸೇರಿಯಾಗಿದೆ, ಕೊನೆಗಾರ ಮರದ ಬುಡದಲ್ಲಿ ನಿಂತಿದ್ದಾನೆ. ಹೊಳೆಯಾಚೆ ಗೋದಾಮಿನಲ್ಲಿ ಹೋದ ವರ್ಷದ ಸುಣ್ಣ 13 ಮೂಟೆ ಇದೆ. ಪುಸ್ತಕದಲ್ಲಿ ಅದೂ ಸುಣ್ಣವೇ.

ಮೂರನೆಯದು, ಬೇರೆ ದಾರಿಯಿಲ್ಲದ ಊರುಗಳಿಗೆ ಎತ್ತಿಟ್ಟದ್ದು. ಮಳೆ ಹಿಡಿದರೆ ಹೊಳೆಯಾಚೆ ಗೋದಾಮನ್ನು ಬಿಟ್ಟು ಮತ್ತೆಲ್ಲಿಂದಲೂ ಸಾಮಾನು ತರಲಾಗದ ಎರಡು ಊರುಗಳಿವೆ ಎನ್ನೋಣ. ಅವರಿಗಾಗಿ 4 ಮೂಟೆ ಮೈಲುತುತ್ತವನ್ನು ಮುಟ್ಟದೆ ಇಡಬೇಕು. ಇದರ ಕಾರಣವನ್ನು ಮುಂದೆ ವಿವರಿಸುತ್ತೇವೆ.

ನಾಲ್ಕನೆಯದು, ಕೌಂಟರಿನಲ್ಲಿ ನೇರವಾಗಿ ಮಾರುವುದು. ಗೋದಾಮಿಗೇ ಬಂದು ಹಣ ಕೊಟ್ಟು ಒಯ್ಯುವವರ ಲೆಕ್ಕ ಸಂಜೆಗಷ್ಟೇ ಕಚೇರಿಗೆ ತಿಳಿಯುವುದಾದರೆ, ಮಧ್ಯಾಹ್ನ ಚೀಟಿ ಬರೆಯುವಾಗ ಕಚೇರಿಯ ಅಂಕಿ ಬೆಳಗಿನದು. ಕಂಪ್ಯೂಟರು ಇಟ್ಟ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಗೋದಾಮಿನವರು ಬಿಲ್ಲು ಹಾಕಿದ ಮೇಲೆ ಮೂಟೆ ಕೊಡುತ್ತಾರೋ, ಮೂಟೆ ಕೊಟ್ಟು ರಾತ್ರಿ ಬಿಲ್ಲು ಹಾಕುತ್ತಾರೋ ಎಂಬುದರ ಮೇಲೆ ನಿಂತಿದೆ. ಎರಡನೆಯ ಪದ್ಧತಿ ಇರುವ ಕಡೆ ಒಂದು ದಿನದ ಕೌಂಟರು ಮಾರಾಟದಷ್ಟನ್ನು ಮೊದಲೇ ಕಳೆದು ನೋಡಬೇಕು. ನಮ್ಮ ಉದಾಹರಣೆಯ ಗೋದಾಮಿನಲ್ಲಿ ಬಿಲ್ಲು ಮೊದಲು, ಮೂಟೆ ಆಮೇಲೆ, ಹಾಗಾಗಿ ಕಳೆಯಬೇಕಾದ್ದಿಲ್ಲ.

ಈಗ ಲೆಕ್ಕ ಹಾಕೋಣ. ಮೈಲುತುತ್ತ 14ರಲ್ಲಿ 6, 1, 4 ಕಳೆದರೆ ಉಳಿದದ್ದು 3 ಮೂಟೆ. ಸುಣ್ಣ 20ರಲ್ಲಿ 6, 13 ಕಳೆದರೆ ಉಳಿದದ್ದು ಒಂದೇ ಮೂಟೆ. ಇಪ್ಪತ್ತು ಮೂಟೆ ಸುಣ್ಣ ಇರುವ ಗೋದಾಮು ಎರಡು ಮೂಟೆಯ ಬೇಡಿಕೆಯನ್ನು ಪೂರೈಸಲಾರದು!

ಒಂದೇ ಕಡೆಯಿಂದಲೋ, ಎರಡು ಕಡೆಯಿಂದಲೋ?

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಮೈಲುತುತ್ತ ಹೊಳೆಯಾಚೆ ಇದೆಯಲ್ಲ, ಅದನ್ನು ಅಲ್ಲಿಂದ ಕೊಡೋಣ. ಸುಣ್ಣವನ್ನು ಪೇಟೆಯಿಂದ ಕಳಿಸೋಣ ಎಂದು. ನೋಡುವುದಕ್ಕೆ ಜಾಣತನವೇ. ಆದರೆ ಗಾಡಿ 8 ಕಿ.ಮೀ. ಒಂದು ಸಲ, 22 ಕಿ.ಮೀ. ಒಂದು ಸಲ, ಒಟ್ಟು 30 ಕಿ.ಮೀ. ದೂರದಿಂದ ಸಾಮಾನು ತಂದ ಹಾಗಾಯಿತು. ಎಲ್ಲವನ್ನೂ ಪೇಟೆಯಿಂದ ತಂದರೆ 22 ಕಿ.ಮೀ.ಗೆ ಮುಗಿಯುತ್ತದೆ. ಹಮಾಲಿಯೂ ಎರಡು ಕಡೆ. ಅದಕ್ಕಿಂತ ಮುಖ್ಯವಾಗಿ, ಬೋರ್ಡೋ ಸಾಮಾನಿನಲ್ಲಿ ಅರ್ಧ ಮುಟ್ಟುವುದೆಂದರೆ ಏನೂ ಮುಟ್ಟದ ಹಾಗೆ. ಮೈಲುತುತ್ತ ಸೋಮವಾರ ಬಂದು ಸುಣ್ಣ ಗುರುವಾರ ಬಂದರೆ ಬೆಳೆಗಾರರಿಗೆ ಸಾಮಾನು ಸಿಕ್ಕಿದ ದಿನ ಗುರುವಾರವೇ.

ಆದ್ದರಿಂದ ಒಟ್ಟಿಗೇ ಬಳಸುವ ಸಾಮಾನುಗಳನ್ನು ಒಂದೇ ಕಟ್ಟು ಎಂದು ತಿಳಿದು, ಇಡೀ ಕಟ್ಟನ್ನು ಕೊಡಬಲ್ಲ ಗೋದಾಮುಗಳಲ್ಲಿ ಹತ್ತಿರದ್ದನ್ನು ಹುಡುಕಬೇಕು. ನಮ್ಮ ಸದಸ್ಯರ ಚೀಟಿ ಹೀಗೆ ಪೇಟೆಗೆ ಹೋಗುತ್ತದೆ. ಅದೇ ಬೇಡಿಕೆಯಲ್ಲಿ ಒಂದು ಮೂಟೆ ಗೊಬ್ಬರವೂ ಇದ್ದು ಅದು ಪೇಟೆಯಲ್ಲಿ ಇಲ್ಲದಿದ್ದರೆ ಅದಕ್ಕಾಗಿ ಮೈಲುತುತ್ತವನ್ನು ತಡೆಯಬೇಕಾದ್ದಿಲ್ಲ. ಗೊಬ್ಬರ ಬೇರೆ ದಿನ ಬೇರೆ ಗೋದಾಮಿನಿಂದ ಬರಲಿ. ಯಾವುದಕ್ಕೆ ಯಾವುದು ಜೊತೆ ಎಂಬುದು ತೋಟದ ಕೆಲಸ ತಿಳಿದವರು ತೀರ್ಮಾನಿಸಬೇಕಾದ ವಿಷಯ. ಇದನ್ನು ಲೆಕ್ಕಪತ್ರದವರ ಮೇಲೆ ಬಿಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಚೀಟಿ ಬರೆದ ಕ್ಷಣದಲ್ಲೇ ಆ ಎರಡೆರಡು ಮೂಟೆಗಳನ್ನು ಪೇಟೆ ಗೋದಾಮಿನ "ಮಾತು ಕೊಟ್ಟದ್ದು" ಕಲಮಿಗೆ ಸೇರಿಸಬೇಕು. ಮೂಟೆ ಹೊರಟಾಗ ಸೇರಿಸೋಣ ಎಂದು ಬಿಟ್ಟರೆ, ಅಷ್ಟರೊಳಗೆ ಫೋನಿನ ಬಳಿ ಕುಳಿತ ಇನ್ನೊಬ್ಬ ಗುಮಾಸ್ತರು ಅದೇ ಮೂಟೆಗಳನ್ನು ಇನ್ನೊಬ್ಬರಿಗೆ ಬರೆದಿರುತ್ತಾರೆ. ಎರಡು ಕಡೆ ಕುಳಿತು ಚೀಟಿ ಬರೆಯಬಹುದು, ಆದರೆ ಕಾಯ್ದಿರಿಸುವ ಪುಸ್ತಕ ಮಾತ್ರ ಒಂದೇ ಇರಬೇಕು. ಪುಸ್ತಕವೋ ಕಂಪ್ಯೂಟರೋ ಎಂಬುದು ಆಮೇಲಿನ ಪ್ರಶ್ನೆ. ಹಾಗೆಯೇ ಕಾಯ್ದಿರಿಸಿದ್ದಕ್ಕೆ ಒಂದು ಗಡುವೂ ಬೇಕು. ಬಿರುಸಿನ ಕಾಲದಲ್ಲಿ ಮೂರು ದಿನ ಸಾಕು. ಒಯ್ಯದಿದ್ದರೆ ಸದಸ್ಯರಿಗೆ ಒಮ್ಮೆ ಫೋನು ಮಾಡಿ ಕೇಳಿ ಬಿಡಿಸಿಕೊಳ್ಳಬೇಕು. ಗಡುವಿಲ್ಲದ ಸಂಘದಲ್ಲಿ ಹಿಂದುಮುಂದಾದ ರೋಗ ಕಾಣುತ್ತದೆ: ಪುಸ್ತಕದ ಪ್ರಕಾರ ಕೊಡಲು ಏನೂ ಇಲ್ಲ, ಗೋದಾಮಿನಲ್ಲಿ ಮಾತ್ರ ಮೂಟೆಗಳು ರಾಶಿ ಬಿದ್ದಿವೆ, ಪಕ್ಕದ ಊರಿನವರು 22 ಕಿ.ಮೀ. ಹೋಗಿ ತರುತ್ತಿದ್ದಾರೆ.

ಮೊದಲು ಕೇಳಿದವರಿಗೆ ಹತ್ತಿರದ್ದು — ಇದರಲ್ಲಿ ಒಂದು ಕೊರತೆ

ಇಲ್ಲಿಯವರೆಗೆ ಒಂದೊಂದೇ ಚೀಟಿಯ ಮಾತಾಯಿತು. ಬಂದ ಬಂದ ಚೀಟಿಗೆ ಆಗಿಂದಾಗ್ಗೆ ಹತ್ತಿರದ ಗೋದಾಮು ಕೊಡುತ್ತಾ ಹೋದರೆ ಒಟ್ಟು ಲೆಕ್ಕದಲ್ಲಿ ನಷ್ಟವಾಗುವುದುಂಟು. ಇದು ಮೊದಲ ಓದಿಗೆ ವಿಚಿತ್ರವೆನಿಸಬಹುದು, ಆದ್ದರಿಂದ ನಿಧಾನವಾಗಿ ನೋಡೋಣ.

ಘಟ್ಟದ ಗೋದಾಮಿನಲ್ಲಿ ಕೊಡಬಹುದಾದ ಮೈಲುತುತ್ತ 10 ಮೂಟೆ ಇದೆ. ಪೇಟೆಯಲ್ಲಿಯೂ 10 ಮೂಟೆ. ಬೆಳಿಗ್ಗೆ ಹತ್ತು ಗಂಟೆಗೆ ನಡುವಿನ ಊರಿನಿಂದ 10 ಮೂಟೆಗೆ ಬೇಡಿಕೆ ಬಂತು. ಅವರಿಗೆ ಘಟ್ಟದ ಗೋದಾಮು 12 ಕಿ.ಮೀ., ಪೇಟೆ 15 ಕಿ.ಮೀ. ಹತ್ತಿರದ್ದು ಘಟ್ಟದ್ದು, ದಾಸ್ತಾನೂ ಇದೆ, ಬರೆದುಕೊಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಘಟ್ಟದ ತುದಿಯ ಊರಿನಿಂದ 10 ಮೂಟೆಗೆ ಕೇಳಿದರು. ಅವರಿಗೆ ಘಟ್ಟದ ಗೋದಾಮು 6 ಕಿ.ಮೀ., ಪೇಟೆ 40 ಕಿ.ಮೀ. ಹತ್ತಿರದ್ದು ಈಗ ಖಾಲಿ. ಪೇಟೆಯಿಂದ ತರಬೇಕು. ಒಟ್ಟು 12 ಮತ್ತು 40, ಎಂದರೆ 52 ಕಿ.ಮೀ. ಅದಲುಬದಲು ಮಾಡಿದ್ದರೆ 15 ಮತ್ತು 6, ಎಂದರೆ 21 ಕಿ.ಮೀ.ಗೆ ಇಬ್ಬರಿಗೂ ಸಾಮಾನು ಮುಟ್ಟುತ್ತಿತ್ತು. ಮೊದಲಿನವರಿಗೆ ಮೂರು ಕಿಲೋಮೀಟರು ಉಳಿಸಲು ಹೋಗಿ ಎರಡನೆಯವರಿಗೆ ಮೂವತ್ತನಾಲ್ಕು ಕಿಲೋಮೀಟರು ಹೆಚ್ಚಾಯಿತು. ಇಬ್ಬರೂ ಒಂದೇ ಸಂಘದ ಸದಸ್ಯರು.

ಇದಕ್ಕೆ ಪರಿಹಾರ ಸುಲಭವಾದದ್ದು. ಚೀಟಿಗಳನ್ನು ಬಂದ ಕೂಡಲೇ ಹಂಚದೆ ಸಂಜೆ ಐದರವರೆಗೆ ಕೂಡಿಹಾಕಿ ಒಟ್ಟಿಗೆ ಹಂಚುವುದು. ಗಾಡಿ ಹೇಗೂ ಮರುದಿನ ಬೆಳಿಗ್ಗೆಯೇ ಹೊರಡುವುದಾದ್ದರಿಂದ ಕಾಯುವುದರಿಂದ ಯಾರಿಗೂ ತಡವಾಗುವುದಿಲ್ಲ. ಹಂಚುವಾಗ ಪ್ರತಿ ಚೀಟಿಯ ಮೂಲೆಯಲ್ಲಿ ಒಂದು ಅಂಕಿ ಬರೆಯಬೇಕು: ಮೊದಲ ಗೋದಾಮು ತಪ್ಪಿ ಎರಡನೆಯದಕ್ಕೆ ಹೋಗಬೇಕಾದರೆ ಎಷ್ಟು ಕಿಲೋಮೀಟರು ಹೆಚ್ಚಾಗುತ್ತದೆ? ನಡುವಿನ ಊರಿಗೆ 3, ಘಟ್ಟದ ತುದಿಯ ಊರಿಗೆ 34. ಈ ಅಂಕಿ ಯಾರದು ದೊಡ್ಡದೋ ಅವರ ಚೀಟಿಯನ್ನು ಮೊದಲು ತೆಗೆದುಕೊಂಡು ಅವರ ಹತ್ತಿರದ ಗೋದಾಮು ಕೊಡಬೇಕು. ಒಂದು ಗೋದಾಮು ಖಾಲಿಯಾದ ಕೂಡಲೇ ಉಳಿದ ಚೀಟಿಗಳ ಅಂಕಿಯನ್ನು ಮತ್ತೆ ಬರೆದುಕೊಳ್ಳಬೇಕು, ಏಕೆಂದರೆ ಅವರ ಮೊದಲು, ಎರಡನೆಯದು ಈಗ ಬದಲಾಗಿವೆ.

ಸಾಗಣೆಯ ಗಣಿತದಲ್ಲಿ ಇದಕ್ಕೆ ಹತ್ತಿರದ ವಿಧಾನವನ್ನು ವೋಗೆಲ್ ವಿಧಾನ ಎನ್ನುತ್ತಾರೆ. 1958ರಲ್ಲಿ ಪ್ರಕಟವಾದ ಒಂದು ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ವೋಗೆಲ್ ವಿಧಾನದಲ್ಲಿ ಚೀಟಿಗಳಿಗೆ ಮಾತ್ರವಲ್ಲ, ಗೋದಾಮುಗಳಿಗೂ ಹೀಗೆಯೇ ಅಂತರ ನೋಡುತ್ತಾರೆ. ಮೂರು ಗೋದಾಮು, ಹತ್ತು ಹದಿನೈದು ಚೀಟಿಗೆ ನಾವು ಹೇಳಿದ ಸರಳ ರೀತಿ ಸಾಕು. ಅರ್ಧ ಗಂಟೆಯಲ್ಲಿ ಕಾಗದದ ಮೇಲೆ ಮುಗಿಯುತ್ತದೆ. ಇದು ಪ್ರತಿ ಸಲವೂ ಅತಿ ಕಡಿಮೆ ಕಿಲೋಮೀಟರು ಕೊಟ್ಟೇ ಕೊಡುತ್ತದೆ ಎಂದೇನಿಲ್ಲ. ಅಷ್ಟು ನಿಖರ ಬೇಕೆಂದರೆ ಕಂಪ್ಯೂಟರಿನ ಲೆಕ್ಕವೇ ಆಗಬೇಕು.

ಸಂಜೆಯವರೆಗೆ ಕೂಡಿಹಾಕಿದರೂ ಕಾಣದ ಒಂದು ಸಂಗತಿ ಇದೆ: ನಾಳೆ ಬರುವ ಚೀಟಿ. ಬೇರೆ ದಾರಿಯಿಲ್ಲದ ಊರುಗಳಿಗೆ ನಾಲ್ಕು ಮೂಟೆ ಎತ್ತಿಡಬೇಕೆಂದು ಹಿಂದೆ ಹೇಳಿದ್ದು ಇದಕ್ಕಾಗಿ. ಅವರು ಇವತ್ತು ಕೇಳಿಲ್ಲ, ಆದರೆ ಕೇಳಿಯೇ ಕೇಳುತ್ತಾರೆ. ಕೇಳಿದ ದಿನ ಅಲ್ಲಿಲ್ಲದಿದ್ದರೆ ಅವರಿಗೆ ಎಲ್ಲಿಯೂ ಇಲ್ಲ. ಎಷ್ಟು ಎತ್ತಿಡಬೇಕು ಎಂಬುದಕ್ಕೆ ಹೋದ ಎರಡು ವರ್ಷ ಆ ಊರುಗಳು ಒಯ್ದ ಮೂಟೆಗಳೇ ಆಧಾರ. ಅವರು ಒಯ್ದಷ್ಟೂ ಅದರಲ್ಲಿ ಇಳಿಸುತ್ತಾ ಬರಬೇಕು, ಮೊದಲ ಸಿಂಪರಣೆಯ ಕಾಲ ಮುಗಿದ ಕೂಡಲೇ ಉಳಿದದ್ದನ್ನು ಎಲ್ಲರಿಗೂ ಬಿಡಬೇಕು. ದಿನಾಂಕ ಹಾಕದೆ ಎತ್ತಿಟ್ಟದ್ದು ಗೋದಾಮಿನ ಮೂಲೆಯಲ್ಲೇ ವರ್ಷ ಕಳೆಯುತ್ತದೆ.

ಮೂರು ಗೋದಾಮುಗಳ ದಾಸ್ತಾನು ಕೂಡಿದರೂ ಬೇಡಿಕೆಗೆ ಸಾಲದಿದ್ದರೆ ಈ ಯಾವ ಕ್ರಮವೂ ಉಪಯೋಗಕ್ಕೆ ಬಾರದು. ಆಗ ಯಾರಿಗೆ ಎಷ್ಟು ಎಂಬುದನ್ನು ಆಡಳಿತ ಮಂಡಳಿಯೇ ತೀರ್ಮಾನಿಸಬೇಕು.

ಇಲ್ಲಿ ಒಂದು ತಕರಾರು ಏಳುತ್ತದೆ, ಏಳುವುದು ನ್ಯಾಯವೂ ಹೌದು. "ನಾನು ಹತ್ತಕ್ಕೇ ಫೋನು ಮಾಡಿದ್ದೆ, ನನಗೇಕೆ ದೂರದ ಗೋದಾಮು?" ಎಂದು ನಡುವಿನ ಊರಿನವರು ಕೇಳುತ್ತಾರೆ. ಸಾಗಣೆ ಬಾಡಿಗೆಯನ್ನು ಸದಸ್ಯರಿಂದ ಪಡೆಯುವ ಸಂಘಗಳಲ್ಲಿ, ಯಾವ ಗೋದಾಮಿನಿಂದ ಬಂದರೂ ಅವರ ಮೊದಲ ಗೋದಾಮಿನ ದೂರಕ್ಕಷ್ಟೇ ಬಾಡಿಗೆ ಹಿಡಿದು, ಹೆಚ್ಚಿನದನ್ನು ಸಂಘ ಹೊರುವುದು ಒಳ್ಳೆಯದು. ಮೇಲಿನ ಉದಾಹರಣೆಯಲ್ಲಿ ಸಂಘ ಹೊರುವುದು ಮೂರು ಕಿಲೋಮೀಟರಿನ ಬಾಡಿಗೆ. ಸದಸ್ಯರೇ ಬಂದು ಒಯ್ಯುವ ಪದ್ಧತಿಯಿದ್ದರೆ ಮಾತ್ರ ಈ ಅದಲುಬದಲನ್ನು ಅವರನ್ನು ಕೇಳದೆ ಮಾಡಬಾರದು.

"ದಾಸ್ತಾನು ಇಲ್ಲ" ಎಂದು ಹಿಂತಿರುಗಿದ ಚೀಟಿ

ಎಷ್ಟು ಎಚ್ಚರ ವಹಿಸಿದರೂ ಕೆಲವು ಚೀಟಿಗಳು ಗೋದಾಮಿನಿಂದ ಹಿಂತಿರುಗುತ್ತವೆ. ಪುಸ್ತಕದಲ್ಲಿ ಇದೆ, ಅಲ್ಲಿ ಇಲ್ಲ. ಹೀಗಾದಾಗ ಸಾಮಾನ್ಯವಾಗಿ ಸರದಿಯ ಮುಂದಿನ ಗೋದಾಮಿಗೆ ಚೀಟಿ ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ. ಸದಸ್ಯರಿಗೆ ಸಾಮಾನು ಮುಟ್ಟಿತು ನಿಜ. ಆದರೆ ಪುಸ್ತಕದ ಸುಳ್ಳು ಅಂಕಿ ಹಾಗೆಯೇ ಉಳಿಯಿತು. ಮರುದಿನ ಅದೇ ಗೋದಾಮಿಗೆ, ಅದೇ ಇಲ್ಲದ ಮೂಟೆಗೆ, ಇನ್ನೊಂದು ಚೀಟಿ ಹೋಗುತ್ತದೆ. ಹತ್ತಿರದ ಗೋದಾಮು ಎಂಬ ಕ್ರಮವೇ ಅದನ್ನು ಮತ್ತೆ ಮತ್ತೆ ಅಲ್ಲಿಗೆ ತಳ್ಳುತ್ತದೆ.

ಚೀಟಿ ಹಿಂತಿರುಗಿದ ಕೂಡಲೇ ಆ ಗೋದಾಮಿನ ಆ ಒಂದು ಸಾಮಾನಿನ ಅಂಕಿಯನ್ನು ಸೊನ್ನೆ ಮಾಡಬೇಕು. ಅದೇ ದಿನ ಯಾರಾದರೂ ಹೋಗಿ ಕೈಯಿಂದ ಮುಟ್ಟಿ ಎಣಿಸಿದ ಮೇಲೆಯೇ ಹೊಸ ಅಂಕಿ ಬರೆಯಬೇಕು. ಇಡೀ ಗೋದಾಮನ್ನು ಎಣಿಸಬೇಕಾಗಿಲ್ಲ. ಆ ಸಾಮಾನಿನ ಒಂದು ಅಟ್ಟಿ ಸಾಕು. ಹಿಂತಿರುಗಿದ ಚೀಟಿಗಳನ್ನು ಗೋದಾಮುವಾರು ಒಂದು ಮೊಳೆಗೆ ಚುಚ್ಚಿಡಿ. ಒಂದೇ ಗೋದಾಮಿನ ಮೊಳೆ ಬೇಗ ತುಂಬುತ್ತಿದ್ದರೆ, ಅಲ್ಲಿ ಕೌಂಟರು ಮಾರಾಟವನ್ನು ತಡವಾಗಿ ಬರೆಯುತ್ತಿದ್ದಾರೋ, ಒಂದು ಗೋದಾಮಿನಿಂದ ಇನ್ನೊಂದಕ್ಕೆ ಕಳಿಸಿದ ಮೂಟೆಗಳನ್ನು ಮುಟ್ಟುವ ಮೊದಲೇ ಜಮಾ ಹಿಡಿಯುತ್ತಿದ್ದಾರೋ ನೋಡಬೇಕು. ದಾರಿಯಲ್ಲಿರುವ ಲಾರಿಯ ಮೂಟೆ ಯಾವ ಗೋದಾಮಿನದೂ ಅಲ್ಲ.

ಯಾರ ಬೇಡಿಕೆ, ಯಾರು ಕೊಟ್ಟರು

ಕೊನೆಯದಾಗಿ, ವರ್ಷದ ಲೆಕ್ಕದಲ್ಲಿ ಬರುವ ಒಂದು ವಿಷಯ. ಋತು ಮುಗಿದ ಮೇಲೆ ಮುಂದಿನ ವರ್ಷ ಯಾವ ಗೋದಾಮಿಗೆ ಎಷ್ಟು ಮೂಟೆ ಇಳಿಸಬೇಕೆಂದು ನಿರ್ಧರಿಸಲು ಕಾರ್ಯದರ್ಶಿಯವರು ಈ ವರ್ಷ ಅಲ್ಲಿಂದ ಎಷ್ಟು ಹೋಯಿತೆಂದು ನೋಡುತ್ತಾರೆ. ಹೊಳೆಯಾಚೆಯಿಂದ 120 ಮೂಟೆ ಹೋಗಿದೆ, ಪೇಟೆಯಿಂದ 260. ಹಾಗಾದರೆ ಮುಂದಿನ ವರ್ಷವೂ 120, 260 ಎಂದು ಬರೆಯುತ್ತಾರೆ. ಆದರೆ ಪೇಟೆಯ 260ರಲ್ಲಿ 45 ಮೂಟೆ ಹೊಳೆಯಾಚೆ ಊರುಗಳಿಗೇ ಹೋದದ್ದು. ಅಲ್ಲಿ ಇಲ್ಲದ್ದರಿಂದ ಇಲ್ಲಿಂದ ಕೊಟ್ಟದ್ದು. ನಿಜವಾದ ಬೇಡಿಕೆ ಹೊಳೆಯಾಚೆಗೆ 165, ಪೇಟೆಗೆ 215. ಕೊಟ್ಟ ಲೆಕ್ಕವನ್ನೇ ಬೇಡಿಕೆಯೆಂದು ಹಿಡಿದರೆ ಈ ವರ್ಷದ ಕೊರತೆಯನ್ನೇ ಮುಂದಿನ ವರ್ಷಕ್ಕೆ ಯೋಜನೆ ಮಾಡಿಕೊಟ್ಟ ಹಾಗಾಗುತ್ತದೆ, ಆ 45 ಮೂಟೆ ವರ್ಷ ವರ್ಷವೂ ಹೊಳೆ ಸುತ್ತಿ ಬರುತ್ತಲೇ ಇರುತ್ತದೆ.

ಇದಕ್ಕೆ ಚೀಟಿ ಪುಸ್ತಕದಲ್ಲಿ ಎರಡು ಕಲಮು ಬೇಕು. ಸದಸ್ಯರ ಊರಿಗೆ ಸರದಿಯಲ್ಲಿ ಮೊದಲನೆಯ ಗೋದಾಮು ಯಾವುದು ಎಂಬುದು ಒಂದರಲ್ಲಿ, ನಿಜವಾಗಿ ಕೊಟ್ಟದ್ದು ಯಾವುದು ಎಂಬುದು ಇನ್ನೊಂದರಲ್ಲಿ. ಎರಡೂ ಬೇರೆಯಾದಾಗ ಕಾರಣವನ್ನು ಒಂದೇ ಶಬ್ದದಲ್ಲಿ ಬರೆದರೆ ಸಾಕು: "ಸುಣ್ಣ", "ರಸ್ತೆ", "ಅದಲುಬದಲು". ನಮ್ಮ ಹೊಳೆ ದಡದ ಸದಸ್ಯರ ಚೀಟಿಯಲ್ಲಿ ಮೊದಲ ಕಲಮು ಹೊಳೆಯಾಚೆ, ಎರಡನೆಯದು ಪೇಟೆ, ಕಾರಣ ಸುಣ್ಣ. ಜುಲೈಯಲ್ಲಿ ಇಂಥ ಚೀಟಿಗಳನ್ನು ಎಣಿಸಿದಾಗ "ಸುಣ್ಣ" ಎಂಬ ಶಬ್ದವೇ ಹೆಚ್ಚಾಗಿ ಕಂಡರೆ, ಹೊಳೆಯಾಚೆಗೆ ಮೈಲುತುತ್ತ ಹೆಚ್ಚು ಕಳಿಸಿ ಪ್ರಯೋಜನವಿಲ್ಲ. ಹಳೆಯ ಸುಣ್ಣವನ್ನು ಏಪ್ರಿಲಿನಲ್ಲೇ ಹೊರಹಾಕಿ ಹೊಸ ಸುಣ್ಣವನ್ನು ಮೇ ಮಧ್ಯದಲ್ಲಿ ಇಳಿಸಬೇಕು. ಸಂಘದಲ್ಲಿ ಸಿಗದೆ ಖಾಸಗಿ ಅಂಗಡಿಯಲ್ಲಿ ಕೊಂಡವರ ಬೇಡಿಕೆಯನ್ನೂ, ಎರಡನೆಯ ಕಲಮನ್ನು ಖಾಲಿ ಬಿಟ್ಟು, ಅದೇ ಪುಸ್ತಕದಲ್ಲಿ ಬರೆಯಬೇಕು.